ಇಲ್ಲದ ಹೆಬ್ಬೆರಳಿನ ಉರಿ

ಗಂಗಾವತಿ ಕಡೆಯ ಭತ್ತದ ರೈತರೊಬ್ಬರು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಸಿಕೊಂಡು ಆರು ವಾರಗಳಾದ ಮೇಲೆ ರಾಯಚೂರಿನಲ್ಲಿರುವ ನನ್ನ ಪುನಶ್ಚೇತನ ಚಿಕಿತ್ಸಾ ಕೊಠಡಿಗೆ ಬಂದಿದ್ದರು. ಅವರಿಗಿಂತ ಮೊದಲು ಮಾತನಾಡಿದವರು ಅವರ ಹೆಂಡತಿ. “ಕಾಲು ಹೂಳುವಾಗ ಬೆರಳು ಮಡಚಿ ಹೂಳ್ಯಾರೇನ್ರಿ ಸಾಹೇಬ್ರ? ಬೆರಳು ಬಿಡಸ್ರಿ, ಬಿಡಸ್ರಿ ಅಂತ ರಾತ್ರಿಯೆಲ್ಲಾ ನರಳತಾರ.” ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಹೂತ ಕಾಲಿಗೂ ಈ ನೋವಿಗೂ ಸಂಬಂಧವಿಲ್ಲ, ಆದರೆ ಬೆರಳು ಮಡಚಿಕೊಂಡಿರುವ ಅನುಭವ ಮಾತ್ರ ನಿಜವಾದದ್ದು.

ಅಂಗ ತೆಗೆದ ನಂತರವೂ ಅದು ಅಲ್ಲಿಯೇ ಇದೆ, ಬೆಚ್ಚಗಿದೆ, ತುರಿಸುತ್ತಿದೆ ಎಂದು ಬಹುಪಾಲು ರೋಗಿಗಳಿಗೆ ಅನ್ನಿಸುತ್ತದೆ. ಇದನ್ನು ಫ್ಯಾಂಟಮ್ ಸಂವೇದನೆ ಎನ್ನುತ್ತೇವೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡಿದ್ದ ವೈದ್ಯ ಸೈಲಾಸ್ ವಿಯರ್ ಮಿಚೆಲ್ 1871ರಲ್ಲಿ ಬಳಸಿದ ಹೆಸರು ಇಂದಿಗೂ ಉಳಿದಿದೆ. ಇದು ಬುದ್ಧಿಭ್ರಮಣೆಯಲ್ಲ, ನೋವಿಲ್ಲದಿದ್ದರೆ ಚಿಕಿತ್ಸೆಯೂ ಬೇಕಿಲ್ಲ. ಆದರೆ ನಿದ್ದೆಗಣ್ಣಿನಲ್ಲಿ ಎದ್ದು ಇಲ್ಲದ ಪಾದವನ್ನು ನೆಲಕ್ಕೂರಲು ಹೋಗಿ ಬೀಳುವವರಿದ್ದಾರೆ. ಹಾಗಾಗಿ ಮಂಚದ ಪಕ್ಕದಲ್ಲೇ ವಾಕರ್ ಇಡುವಂತೆ ಮೊದಲ ದಿನವೇ ಹೇಳುತ್ತೇನೆ.

ನೋವು ಇದ್ದಾಗ ಅದು ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕಬೇಕು. ಈ ರೈತರ ಮೊಂಡು ಕಾಲಿನಲ್ಲಿ ಕೆಂಪಾಗಲಿ, ಕೀವಾಗಲಿ, ಬಿಸಿಯಾಗಲಿ ಇರಲಿಲ್ಲ. ಅದರ ತುದಿಯ ಹೊರಬದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದೇ ಒಂದು ಜಾಗದಲ್ಲಿ ಅವರು ಬೆಚ್ಚಿದರು. ಮಿಂಚು ಹೊಡೆದಂತೆ ನೋವು ಇಲ್ಲದ ಪಾದದ ಮೇಲ್ಭಾಗಕ್ಕೆ ಹರಿಯಿತು. ಕತ್ತರಿಸಿದ ನರ ಮತ್ತೆ ಬೆಳೆಯಲು ಯತ್ನಿಸುತ್ತದೆ, ಮುಂದೆ ದಾರಿ ಸಿಗದೆ ಎಳೆಗಳು ಸುತ್ತಿಕೊಂಡು ಗಂಟಾಗುತ್ತವೆ. ಒತ್ತಿದರೂ ಒತ್ತದಿದ್ದರೂ ಸಂಕೇತ ಕಳಿಸುವ ಈ ಗಂಟಿಗೆ ನ್ಯೂರೋಮಾ ಎಂದು ಹೆಸರು. ಆ ನರ ಹಿಂದೆ ಪಾದದ ಸುದ್ದಿಯನ್ನೇ ತರುತ್ತಿದ್ದುದರಿಂದ ಮಿದುಳು ಈಗಲೂ ಅದನ್ನು ಪಾದದ ನೋವೆಂದೇ ಓದಿಕೊಳ್ಳುತ್ತದೆ.

ಆದರೆ ಅವರನ್ನು ನಿದ್ದೆಗೆಡಿಸುತ್ತಿದ್ದುದು ಈ ಮಿಂಚಲ್ಲ, ಹೆಬ್ಬೆರಳಿನ ಉರಿ ಮತ್ತು ಬಿಗಿತ. ಸಕ್ಕರೆ ಕಾಯಿಲೆ ಮತ್ತು ಬೀಡಿ ಸೇರಿ ಅವರ ಕಾಲಿನ ರಕ್ತನಾಳ ಮುಚ್ಚಿದ್ದವು. ಬೆರಳು ಕಪ್ಪಾಗುವ ಮೊದಲು ಎರಡು ತಿಂಗಳು ರಾತ್ರಿಯೆಲ್ಲ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತಿದ್ದರಂತೆ. ಶಸ್ತ್ರಚಿಕಿತ್ಸೆಗೆ ಮುನ್ನ ಹೆಚ್ಚು ಕಾಲ ನೋವು ಉಂಡವರಲ್ಲಿ ಫ್ಯಾಂಟಮ್ ನೋವು ಹೆಚ್ಚು. ಸತತವಾಗಿ ನೋವಿನ ಸಂಕೇತ ಬಂದಾಗ ಬೆನ್ನುಹುರಿಯ ನರಕೋಶಗಳು ಸೂಕ್ಷ್ಮಗೊಂಡು, ಸಣ್ಣದನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸತೊಡಗುತ್ತವೆ. ಕಾಲು ಹೋದರೂ ಆ ಸೂಕ್ಷ್ಮತೆ ಹೋಗುವುದಿಲ್ಲ.

ಮಿದುಳಿನಲ್ಲಿ ದೇಹದ ಪ್ರತಿ ಭಾಗಕ್ಕೂ ಒಂದು ಜಾಗವಿದೆ. ಅಂಗ ಹೋದ ಮೇಲೆ ಅಕ್ಕಪಕ್ಕದ ಭಾಗಗಳು ಆ ಜಾಗವನ್ನು ಒತ್ತುವರಿ ಮಾಡುವುದೇ ನೋವಿಗೆ ಕಾರಣವೆಂದು ಬಹಳ ವರ್ಷ ಹೇಳಲಾಯಿತು. ಆದರೆ ಇಲ್ಲದ ಕೈಯನ್ನು ಆಡಿಸಲು ಹೇಳಿ ಸ್ಕ್ಯಾನ್ ಮಾಡಿದ ನಂತರದ ಅಧ್ಯಯನಗಳಲ್ಲಿ ಕೈಯ ಜಾಗ ಇನ್ನೂ ಕೆಲಸ ಮಾಡುತ್ತಿರುವುದು ಕಂಡಿದೆ. ಆದ್ದರಿಂದ ಒತ್ತುವರಿಯೊಂದರಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ನನಗೆ ಅನ್ನಿಸುವುದಿಲ್ಲ. ಬಿಗಿತಕ್ಕೆ ನಾನು ಹೆಚ್ಚು ಒಪ್ಪುವ ವಿವರಣೆ ಇದು: ‘ಬೆರಳು ಬಿಚ್ಚು’ ಎಂಬ ಆಜ್ಞೆ ಹೋಗುತ್ತದೆ, ಬಿಚ್ಚಿತೆಂಬ ಉತ್ತರ ಬರುವುದಿಲ್ಲ.

ಆ ಉತ್ತರವನ್ನು ಕಣ್ಣಿನಿಂದ ಕೊಡುವ ಉಪಾಯವೇ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಬಳಕೆಗೆ ತಂದ ಕನ್ನಡಿ ಚಿಕಿತ್ಸೆ. ರೈತರ ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿಯನ್ನು ನಿಲ್ಲಿಸಿ, ಮೊಂಡು ಕಾಲನ್ನು ಅದರ ಹಿಂದೆ ಮರೆಮಾಡಿದೆವು. ಎಡಗಾಲಿನ ಬಿಂಬ ಬಲಗಾಲಿನ ಜಾಗದಲ್ಲಿ ಕಾಣುವಂತೆ ಕುಳಿತು, ಎಡಗಾಲಿನ ಬೆರಳುಗಳನ್ನು ನಿಧಾನವಾಗಿ ಮಡಚಿ ಬಿಚ್ಚುತ್ತ, ಅದೇ ಹೊತ್ತಿಗೆ ಇಲ್ಲದ ಬೆರಳುಗಳನ್ನೂ ಬಿಚ್ಚಲು ಯತ್ನಿಸಬೇಕು. ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ, ನಾಲ್ಕು ವಾರ. ಮೊದಲ ದಿನ ಅವರು ಅತ್ತರು, ಎರಡನೆಯ ದಿನ ತಲೆ ಸುತ್ತಿತು. ಇವೆರಡೂ ಆಗುವುದುಂಟು, ಹೀಗಾಗಿ ಆರಂಭದಲ್ಲಿ ಐದು ನಿಮಿಷ ಸಾಕು. ಎಲ್ಲರಿಗೂ ಇದು ಫಲಿಸುವುದಿಲ್ಲ.

ಜೊತೆಗೆ ರಾತ್ರಿ ಕಡಿಮೆ ಪ್ರಮಾಣದ ಗ್ಯಾಬಪೆಂಟಿನ್ ಕೊಟ್ಟೆ. ನರದ ನೋವಿಗೆ ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಮಾತ್ರೆಗಳು ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್ ಕೂಡ ಕೆಲವರಿಗಷ್ಟೇ ಹಿಡಿಸುತ್ತದೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಸಕ್ಕರೆ ಕಾಯಿಲೆಯವರಿಗೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಬರೆಯಬಾರದು. ಶಾಂತವಾಗಿದ್ದ ನೋವು ವರ್ಷಗಳ ನಂತರ ಕೆರಳಿದರೆ ಫ್ಯಾಂಟಮ್ ಎಂದು ಸುಮ್ಮನಾಗದೆ, ಮೊಂಡಿನ ಹುಣ್ಣು, ಕೃತಕ ಕಾಲಿನ ಒತ್ತಡ, ಬೆನ್ನಿನ ಡಿಸ್ಕ್ ಇವುಗಳನ್ನು ನೋಡಬೇಕು.

ಮೂರನೆಯ ವಾರದಲ್ಲಿ ಅವರ ಬೆರಳುಗಳು ಬಿಚ್ಚಿದವು. ಹತ್ತಕ್ಕೆ ಎಂಟಿದ್ದ ನೋವು ಮೂರಕ್ಕೆ ಇಳಿದಿದೆ, ಉರಿ ಪೂರ್ತಿ ಹೋಗಿಲ್ಲ. ನ್ಯೂರೋಮಾಕ್ಕೆ ಒತ್ತಡ ತಾಗದಂತೆ ಕೃತಕ ಕಾಲಿನಲ್ಲಿ ಮೊಂಡು ಕೂರುವ ಸಾಕೆಟ್ಟನ್ನು ಆ ಜಾಗದಲ್ಲಿ ಸ್ವಲ್ಪ ಸಡಿಲಿಸಿದ್ದೇವೆ. ಈಗ ಪಾದ ಚಿಕ್ಕದಾಗಿ, ಮೊಂಡಿನ ತುದಿಗೇ ಅಂಟಿಕೊಂಡಂತೆ ಅನ್ನಿಸುತ್ತದಂತೆ. ಕೃತಕ ಕಾಲು ತೊಟ್ಟು ನಿಂತಾಗ ಮಾತ್ರ ಅದು ಮತ್ತೆ ಕೆಳಗಿಳಿದು ಚಪ್ಪಲಿಯೊಳಗೆ ಕೂರುತ್ತದೆ.