ಹೊಸ ಕಾರಾ, ಸೆಕೆಂಡ್ ಹ್ಯಾಂಡಾ?

ಪ್ರಶ್ನೆ: ನಾನು ಬೆಂಗಳೂರಲ್ಲಿ ಇಂಜಿನಿಯರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಶೋರೂಮಿನಲ್ಲಿ ನೋಡಿದ ಎಸ್‌ಯುವಿ ಮನಸ್ಸಿನಿಂದ ಹೋಗ್ತಾ ಇಲ್ಲ. ಅಪ್ಪ ಹಳೇ ಕಾರು ಸಾಕು ಅಂತಾರೆ. ಏನು ಮಾಡಲಿ?

ಉತ್ತರ: ಹೋದ ವರ್ಷ ನನ್ನ ತಂಗಿಯ ಮಗ ಇದೇ ಗೊಂದಲದಲ್ಲಿದ್ದ. ಸಂಬಳ 65,000, ಉಳಿತಾಯ 4 ಲಕ್ಷ. ಸನ್‌ರೂಫ್ ಇರುವ ಕಾರಿನಲ್ಲಿ ಹಾಸನಕ್ಕೆ ಹೋಗಿ ಮನೆ ಮುಂದೆ ನಿಲ್ಲಿಸಬೇಕು ಅನ್ನೋ ಆಸೆ. ಆ ಆಸೆ ತಪ್ಪು ಅಂತ ನಾನು ಹೇಳಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು, ಅಷ್ಟೇ.

ಶೋರೂಮ್ ಬೆಲೆ 13 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆಯೇ 17%, ಅದರ ಮೇಲೆ ಸೆಸ್. ವಿಮೆಯೂ ಸೇರಿ ರಸ್ತೆಗಿಳಿಯುವಾಗ 16 ಲಕ್ಷ. ಉಳಿತಾಯವನ್ನೆಲ್ಲ ಸುರಿದರೂ 12 ಲಕ್ಷ ಸಾಲ. 9.5% ಬಡ್ಡಿಗೆ ಏಳು ವರ್ಷ, ತಿಂಗಳಿಗೆ ಸುಮಾರು 19,600. ಬಡ್ಡಿಯೇ ನಾಲ್ಕೂವರೆ ಲಕ್ಷದ ಹತ್ತಿರ. ಬಾಡಿಗೆ ಕೊಟ್ಟು, ಮನೆಗೆ 15,000 ಕಳಿಸುವ ಹುಡುಗನಿಗೆ ಇದು ಭಾರ ಅಲ್ವಾ? ಕೆಎ ನಂಬರಿನ ಹಳೇ ಕಾರಾದರೆ ಜೀವಿತಾವಧಿ ತೆರಿಗೆಯನ್ನು ಮೊದಲ ಓನರೇ ಕಟ್ಟಿರುತ್ತಾರೆ.

ಹಾಗಂತ ಹಳೇ ಕಾರು ಸುಲಭ ಅಲ್ಲ. ಅವನು ಮೊದಲು ನೋಡಿದ್ದು 2019ರ ಹ್ಯಾಚ್‌ಬ್ಯಾಕ್. ಮೀಟರಿನಲ್ಲಿ 28,000 ಕಿ.ಮೀ. ಇತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಅಲ್ಲಿ 2223 ಅಂತಿತ್ತು, ಅಂದರೆ 2023ರ 22ನೇ ವಾರ ತಯಾರಾದದ್ದು. ನಾಲ್ಕೂ ಟೈರಿನಲ್ಲಿ ಅದೇ. ಇಷ್ಟು ಕಡಿಮೆ ಓಡಿದ ಕಾರಿಗೆ ಯಾಕೆ ನಾಲ್ಕೂ ಹೊಸ ಟೈರು? ಸರ್ವಿಸ್ ದಾಖಲೆ ತರಿಸಿ ನೋಡಿದರೆ ಹಿಂದಿನ ಸರ್ವಿಸ್ ಆಗಿದ್ದೇ 61,000 ಕಿ.ಮೀ.ಗೆ! ಮೀಟರ್ ತಿರುಗಿಸಿದ್ದರು. ಸುಮ್ನೆ ವಾಪಸ್ ಬಂದೆವು.

ಎರಡನೆಯದು 5 ಲಕ್ಷದ್ದು, ಒಬ್ಬರೇ ಓಡಿಸಿದ ಕಾರು. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆವು, ಬಿಸಿ ಮಾಡಿ ಇಟ್ಟರೆ ದೋಷ ಮುಚ್ಚಿಹೋಗುತ್ತದೆ. ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆದು ನೋಡಿದೆವು. ಕಾರು ನೀರಲ್ಲಿ ಮುಳುಗಿದ್ದರೆ ಅಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಎಲ್ಲ ಸರಿಯಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದೆ ಅಂತ ಓನರ್ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಟೋಕನ್ ಮಾತ್ರ ಕೊಟ್ಟೆವು. ಆಮೇಲೆ ಕಾರನ್ನು ಹೊಸ ಓನರ್ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಮಾಡಿಸಿ ಪೂರ್ತಿ ಹಣ ಕೊಟ್ಟ. ವಿಮೆಯನ್ನೂ 14 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಂಡ.

ಕೈಯಿಂದ 3 ಲಕ್ಷ, ಸಾಲ 2 ಲಕ್ಷ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಅವನಿಗೆ 12% ಬಿತ್ತು. ಆದರೂ ಮೂರು ವರ್ಷಕ್ಕೆ ಕಂತು 6,650ರ ಹತ್ತಿರ. ಉಳಿದ ಒಂದು ಲಕ್ಷದಲ್ಲಿ ಬ್ಯಾಟರಿ ಬದಲಾಯಿಸಿ, ಮಿಕ್ಕಿದ್ದನ್ನು ಹಾಗೇ ಇಟ್ಟ. ಹಾಸನದ ಮನೆ ಮುಂದೆ ಕಾರು ನಿಂತಾಗ ಅವನ ಅಪ್ಪ ಮೊದಲು ಕೇಳಿದ್ದು, "ಕಂತು ಎಷ್ಟಪ್ಪಾ?" ಅಂತ.