ಕ್ಯಾಪ್ಶನ್‌ಗೆ 2200 ಅಕ್ಷರ ಇದ್ದರೂ ಕಾಣೋದು ಒಂದೇ ಸಾಲು, ಯಾಕೆ?

ಪ್ರಶ್ನೆ: ರೀಲ್ಸ್ ಕ್ಯಾಪ್ಶನ್‌ನಲ್ಲಿ 2200 ಅಕ್ಷರ ಬರೆಯಬಹುದು ಅಂತಾರೆ. ನಾನು ಅದರ ಕಾಲು ಭಾಗವೂ ಬರೆಯಲ್ಲ. ಆದರೂ ವಿಡಿಯೊ ಕೆಳಗೆ ನಾಲ್ಕೈದು ಪದ ಕಂಡು, ಆಮೇಲೆ ಮೂರು ಚುಕ್ಕಿ ಬಂದುಬಿಡುತ್ತದೆ. ಮುಖ್ಯ ಕೀವರ್ಡ್ ಎಲ್ಲಿ ಹಾಕಬೇಕು?

ಉತ್ತರ: ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ಮಿತಿಗಳ ಬಗ್ಗೆ. 2200 ಅನ್ನುವುದು ಇನ್‌ಸ್ಟಾಗ್ರಾಮ್ ಎಷ್ಟು ಬರೆಯಲು ಬಿಡುತ್ತದೆ ಅನ್ನುವ ಲೆಕ್ಕ. ಮೂರು ಚುಕ್ಕಿ ಬರುವುದು ಪರದೆಯಲ್ಲಿ ಜಾಗ ಮುಗಿದಾಗ. ರೀಲ್ಸ್ ಪೂರ್ತಿ ಪರದೆಯಲ್ಲಿ ಓಡುವಾಗ ಬಲಗಡೆ ಲೈಕ್, ಕಾಮೆಂಟ್, ಶೇರ್ ಬಟನ್‌ಗಳು ನಿಂತಿರುತ್ತವೆ. ಉಳಿದ ಅಗಲದಲ್ಲಿ ಸಾಮಾನ್ಯವಾಗಿ ಒಂದು ಸಾಲು ಕಾಣುತ್ತದೆ, ಅಷ್ಟೇ.

ಈ ಸಾಲಿಗೆ ಇಷ್ಟೇ ಅಕ್ಷರ ಅಂತ ಲೆಕ್ಕವಿಲ್ಲ. ಫೋನಿನ ಅಗಲ ಬದಲಾದರೆ, ನೋಡುವವರು ಫಾಂಟ್ ದೊಡ್ಡದು ಮಾಡಿಕೊಂಡಿದ್ದರೆ, ಕತ್ತರಿ ಬೀಳುವ ಜಾಗವೂ ಬದಲಾಗುತ್ತದೆ. "ಮೊದಲ 125 ಅಕ್ಷರ ಕಾಣುತ್ತದೆ" ಅನ್ನುವ ಸಲಹೆ ಓದಿರುತ್ತೀರಿ. ಅದು ಫೀಡ್‌ನಲ್ಲಿ ಫೋಟೊ ಕೆಳಗಿನ ಇಂಗ್ಲಿಷ್ ಕ್ಯಾಪ್ಶನ್‌ಗೆ ಸರಿಹೋಗಬಹುದು. ರೀಲ್ಸ್‌ಗೆ ಅದನ್ನು ನಂಬಬೇಡಿ, ಕನ್ನಡದಲ್ಲಂತೂ ಬೇಡವೇ ಬೇಡ. ನಮ್ಮ ಅಕ್ಷರಗಳು ಅಗಲ. ಅದರ ಮೇಲೆ ಎಣಿಕೆಯಲ್ಲೂ ಒಂದು ತಕರಾರಿದೆ: ಕಾಗುಣಿತದ ಗುರುತು, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ಚಾರ್ಜಿಂಗ್" ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 9.

ಒಂದು ಉದಾಹರಣೆ ನೋಡೋಣ. ಫೋನಿನ ಚಾರ್ಜಿಂಗ್ ಪೋರ್ಟ್‌ನಲ್ಲಿ ತುಂಬಿದ ಧೂಳು ತೆಗೆಯುವ ವಿಡಿಯೊ. ಕ್ಯಾಪ್ಶನ್ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ:

"ಹಾಯ್ ಫ್ರೆಂಡ್ಸ್, ಎಲ್ಲರೂ ಹೇಗಿದ್ದೀರಾ? ತುಂಬಾ ಜನ ಕೇಳ್ತಿದ್ರಿ, ಅದಕ್ಕೇ ಇವತ್ತು..."

ಪ್ರಶ್ನಾರ್ಥಕ ಚಿಹ್ನೆಯವರೆಗೆ ಯೂನಿಕೋಡ್ ಲೆಕ್ಕದಲ್ಲಿ 34 ಖರ್ಚಾಯಿತು. ಸಾಲು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ವಿಡಿಯೊ ಯಾವುದರ ಬಗ್ಗೆ ಅನ್ನುವುದು ಚುಕ್ಕಿಗಳ ಹಿಂದೆ ಉಳಿಯಿತು. ಈಗ ಇದನ್ನು ನೋಡಿ:

"ಚಾರ್ಜಿಂಗ್ ಪೋರ್ಟ್ ಕ್ಲೀನ್ ಮಾಡೋದು ಹೇಗೆ? ಮೊದಲು ಫೋನ್ ಆಫ್ ಮಾಡಿ..."

ಇಲ್ಲಿ ಮೊದಲ ಎರಡು ಪದವೇ ಕೀವರ್ಡ್. ಎಷ್ಟೇ ಚಿಕ್ಕ ಪರದೆಯಲ್ಲೂ ಅದು ಕತ್ತರಿಗೆ ಸಿಗುವುದಿಲ್ಲ. "ಫೋನ್" ಅನ್ನುವ ಪದವನ್ನು ಬೇಕೆಂದೇ ಹಿಂದೆ ತಳ್ಳಿದ್ದೇನೆ. ಅದು ಮುಂದೆ ಬಂದರೂ ತಪ್ಪಿಲ್ಲ, ಆದರೆ ಸಾಲು ತುಂಡಾದರೆ "ಪೋರ್ಟ್" ಉಳಿಯುವುದು ಮುಖ್ಯ. ಎಮೋಜಿ, ಹ್ಯಾಶ್‌ಟ್ಯಾಗ್ ಕೂಡ ಅಷ್ಟೇ, ಸಾಲಿನ ಶುರುವಿನಲ್ಲಿಟ್ಟರೆ ಸುಮ್ನೆ ಜಾಗ ತಿನ್ನುತ್ತವೆ. ಎರಡು ಪದ ಬರೆದು ಎಂಟರ್ ಒತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮುಂದಿನ ಸಾಲಿಗೆ ಹೋದದ್ದು ಮೊದಲ ನೋಟಕ್ಕೆ ಕಾಣುವುದಿಲ್ಲ.

ಹಾಗಂತ ಚುಕ್ಕಿಗಳ ಹಿಂದೆ ಹೋದ ಮಾತು ದಂಡವಲ್ಲ. ಕಣ್ಣಿಗೆ ಕಾಣದಿದ್ದರೂ ಅದು ಕ್ಯಾಪ್ಶನ್‌ನ ಭಾಗವೇ. ಹುಡುಕಾಟದಲ್ಲಿ ಸಿಗಬೇಕಾದರೆ ಕೀವರ್ಡ್, ಹ್ಯಾಶ್‌ಟ್ಯಾಗ್‌ಗಳನ್ನು ಕಾಮೆಂಟ್‌ನಲ್ಲಿ ಅಲ್ಲ, ಕ್ಯಾಪ್ಶನ್‌ನಲ್ಲೇ ಹಾಕಿ ಅಂತ ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ. ಆದ್ದರಿಂದ ಮೊದಲ ಸಾಲನ್ನು ನೋಡುವವರಿಗಾಗಿ ಬರೆಯಿರಿ. ಜನ ಹುಡುಕುವಾಗ ಬಳಸುವ ಬೇರೆ ಪದಗಳು ಕೆಳಗಿರಲಿ: "ಫೋನ್ ಚಾರ್ಜ್ ಆಗ್ತಿಲ್ಲ", "ಕೇಬಲ್ ಲೂಸ್ ಆಗಿದೆ", ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರಿಗಾಗಿ ಅದೇ ಮಾತು ಆ ಲಿಪಿಯಲ್ಲಿ. ಒಂದೇ ಪದವನ್ನು ಹತ್ತು ಸಲ ತುರುಕಬೇಡಿ. ಓದುವವರಿಗೆ ಕಿರಿಕಿರಿ, ಅಲ್ವಾ?

ಅದೇ ವಿಡಿಯೊವನ್ನು ಯೂಟ್ಯೂಬ್ ಶಾರ್ಟ್ಸ್‌ಗೂ ಹಾಕುತ್ತೀರಾದರೆ ಹುಷಾರು. ಅಲ್ಲಿ ವಿಡಿಯೊ ಮೇಲೆ ಕಾಣುವುದು ಶೀರ್ಷಿಕೆ, ಅದಕ್ಕೆ 100ರ ಮಿತಿ. ವಿವರಣೆಗೆ 5000 ಇದೆ, ಆದರೆ ಅದನ್ನು ನೋಡುವವರು ಬೇರೆಯಾಗಿ ತೆರೆಯಬೇಕು. ವಿವರಣೆಯಲ್ಲಿ ಕೀವರ್ಡ್ ಹಾಕಿ, ಶೀರ್ಷಿಕೆಯಲ್ಲಿ ಬರೀ ಹ್ಯಾಶ್‌ಟ್ಯಾಗ್ ಬಿಟ್ಟಿರುವ ಶಾರ್ಟ್ಸ್ ಬೇಕಾದಷ್ಟಿವೆ. ಕನ್ನಡದಲ್ಲಿ 100 ಬೇಗ ತುಂಬುತ್ತದೆ, ಹಾಗಾಗಿ ರೀಲ್ಸ್ ಕ್ಯಾಪ್ಶನ್ ಹಾಗೆಯೇ ಅಂಟಿಸದೆ ಮೊದಲ ವಾಕ್ಯವನ್ನಷ್ಟೇ ಶೀರ್ಷಿಕೆ ಮಾಡಿ.

ಕತ್ತರಿ ಎಲ್ಲಿ ಬಿತ್ತು ಅಂತ ತಿಳಿಯಲು ವಿಡಿಯೊ ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಸಾಧ್ಯವಾದರೆ ನಿಮ್ಮದಕ್ಕಿಂತ ಚಿಕ್ಕ ಪರದೆಯದ್ದು, ಫಾಂಟ್ ಒಂದು ಹೆಜ್ಜೆ ದೊಡ್ಡದು ಮಾಡಿ. ಅಲ್ಲಿ ಕೀವರ್ಡ್ ಪೂರ್ತಿ ಕಾಣದಿದ್ದರೆ ವಿಡಿಯೊ ಅಳಿಸಿ ಮತ್ತೆ ಹಾಕಬೇಕಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಎಡಿಟ್ ಒತ್ತಿ ಕ್ಯಾಪ್ಶನ್ ಬದಲಿಸಬಹುದು, ಯೂಟ್ಯೂಬ್‌ನಲ್ಲಿ ಶೀರ್ಷಿಕೆಯನ್ನೂ ತಿದ್ದಬಹುದು.