ಪ್ರೆಸ್ಸಿನಲ್ಲಿ ತಲೆನೋವು: ಗಾಳಿ ತಪಾಸಣೆ ಕೇಳುವ ಪತ್ರದಲ್ಲಿ ಏನಿರಬೇಕು

ಶಿರಸಿಯಲ್ಲಿ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ಅಂತ ಇಟ್ಟುಕೊಳ್ಳಿ. ಜೋರು ಮಳೆಗಾಲ. ತೇವ ಕುಡಿದ ಕಾಗದ ಸುರುಳಿಯಾಗಿ ಮಷಿನ್‌ನಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಕಿಟಕಿ ಬಾಗಿಲೆಲ್ಲ ಮುಚ್ಚಿ ಏಸಿ ಹಾಕಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಕೆಲವರಿಗೆ ತಲೆನೋವು. ಕಾರ್ಮಿಕರ ಪ್ರತಿನಿಧಿ ಮಾಲೀಕರಿಗೆ ಪತ್ರ ಬರೆಯಬೇಕು.

"ಗಾಳಿ ಸರಿಯಿಲ್ಲ" ಅಂತ ಸುಮ್ನೆ ಬರೆದರೆ "ಏಸಿ ಇದೆ, ಎಗ್ಸಾಸ್ಟ್ ಫ್ಯಾನೂ ಇದೆಯಲ್ಲ" ಅನ್ನುವ ಉತ್ತರ ಬರುತ್ತದೆ. ಆದರೆ ಮಾಮೂಲಿ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಂಪು ಮಾಡಿ ತಿರುಗಿಸುತ್ತದೆ. ಬ್ಲಾಂಕೆಟ್ ಅನ್ನುವ ಮಷಿನ್‌ನ ರಬ್ಬರ್ ಹಾಳೆಯಿಂದ ಇಂಕು ಒರೆಸುವ ದ್ರಾವಣ ಅಂದರೆ ವಾಶ್, ಪ್ಲೇಟ್ ಒದ್ದೆ ಮಾಡುವ ಫೌಂಟನ್ ನೀರಿಗೆ ಬೆರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್, ಮುಚ್ಚಳವಿಲ್ಲದ ಬಕೆಟ್‌ನಲ್ಲಿ ಬಿದ್ದಿರುವ ಒದ್ದೆ ಬಟ್ಟೆ, ಇವುಗಳ ಆವಿಯೆಲ್ಲ ಅಲ್ಲೇ ಸುತ್ತುತ್ತಿರುತ್ತದೆ.

ಇನ್ನು ಫ್ಯಾನಿನ ಲೆಕ್ಕ. ಕೋಣೆ 8 ಮೀಟರ್ ಉದ್ದ, 6 ಅಗಲ, 3.5 ಎತ್ತರ ಅಂದರೆ 168 ಘನ ಮೀಟರ್. ಫ್ಯಾನ್ ಗಂಟೆಗೆ 1000 ಘನ ಮೀಟರ್ ಎಳೆಯುವಂಥದ್ದಾದರೆ ಗಂಟೆಗೆ ಸುಮಾರು 6 ಸಲ ಗಾಳಿ ಬದಲಾಗಬೇಕು. ಆದರೆ ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು ಅಲ್ವಾ? ಎಲ್ಲ ಮುಚ್ಚಿದಾಗ ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಹೋಗುವುದು ಮಾತ್ರ ತೀರ ಕಡಿಮೆ. ತೆಳು ಕಾಗದದ ಪಟ್ಟಿಯನ್ನು ಫ್ಯಾನಿನ ಜಾಲರಿ ಹತ್ತಿರ ಹಿಡಿಯಿರಿ, ಆಮೇಲೆ ಬಾಗಿಲು ತೆರೆದು ಮತ್ತೆ ಹಿಡಿಯಿರಿ. ಎಳೆತ ಆಗ ಜಾಸ್ತಿಯಾದರೆ ಗಾಳಿ ಒಳಬರುವ ದಾರಿ ಸಾಲುತ್ತಿಲ್ಲ ಅಂತ ಅರ್ಥ. ಇದು ಸುಳಿವು ಅಷ್ಟೇ, ಅಳತೆಗೆ ಬದಲಿ ಅಲ್ಲ.

ಪತ್ರದ ಮುಖ್ಯ ಭಾಗ ಹೀಗಿರಲಿ:

"ಜುಲೈ ಮೊದಲ ವಾರದಿಂದ ಮಷಿನ್ ಬಳಿಯ ನಾಲ್ವರಿಗೆ ಮಧ್ಯಾಹ್ನ ತಲೆನೋವು ಬರುತ್ತಿದೆ. ಭಾನುವಾರ ಇರುವುದಿಲ್ಲ. ಪಕ್ಕದ ಬೈಂಡಿಂಗ್ ಕೋಣೆಯವರಿಗೆ ಬಂದಿಲ್ಲ. ಯಾರಿಗೆ, ಯಾವಾಗ, ಆಗ ಯಾವ ಕೆಲಸ ನಡೆದಿತ್ತು ಅನ್ನುವ ಪಟ್ಟಿ ಲಗತ್ತಿಸಿದ್ದೇವೆ. ಮಷಿನ್ ಓಡುತ್ತಿರುವಾಗ, ಬ್ಲಾಂಕೆಟ್ ತೊಳೆಯುವಾಗ, ಕಿಟಕಿಗಳನ್ನು ಎಂದಿನಂತೆ ಮುಚ್ಚಿಯೇ ಗಾಳಿಯ ತಪಾಸಣೆ ಮಾಡಿಸಬೇಕು. ಆವಿಯನ್ನು ಕೆಲಸಗಾರರು ಉಸಿರಾಡುವ ಎತ್ತರದಲ್ಲಿ ಅಳೆಯಬೇಕು. ವಾಶ್ ಡಬ್ಬಿಯ ಸುರಕ್ಷತಾ ಮಾಹಿತಿ ಹಾಳೆಯ ಪ್ರತಿ, ತಪಾಸಣೆಯ ವರದಿಯ ಪ್ರತಿ ನಮಗೂ ಬೇಕು."

'ಮುಚ್ಚಿಯೇ' ಅನ್ನುವುದು ನನ್ನ ಪ್ರಕಾರ ಇಡೀ ಪತ್ರದ ಜೀವಾಳ. ತಪಾಸಣೆಯನ್ನು ಡಿಸೆಂಬರ್‌ಗೆ ತಳ್ಳಿ, ಕಿಟಕಿ ತೆರೆದು, ಮಷಿನ್ ನಿಲ್ಲಿಸಿ ಅಳೆದರೆ ವರದಿ ಚೆನ್ನಾಗೇ ಬರುತ್ತದೆ, ಜನರ ತಲೆನೋವು ಮುಂದಿನ ಮಳೆಗಾಲಕ್ಕೆ ಹಾಗೇ ಉಳಿಯುತ್ತದೆ.

"ವಾಶ್‌ನಿಂದಲೇ ತಲೆನೋವು" ಅಂತ ಮಾತ್ರ ಬರೆಯಬೇಡಿ. ಪಟ್ಟಿಯಲ್ಲಿ ಕರೆಂಟ್ ಹೋದ ಹೊತ್ತನ್ನೂ ಗುರುತು ಹಾಕಿ. ಡೀಸೆಲ್ ಜನರೇಟರ್ ಹೊಗೆ ಸಂದಿಯಿಂದ ಒಳಗೆ ಬಂದರೂ ತಲೆನೋವು ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಹಾಗಾಗಿ ಅದರ ಅಳತೆಯನ್ನೂ ಪತ್ರದಲ್ಲೇ ಕೇಳಿ. ಜನರೇಟರ್ ಓಡುವಾಗ ಹಲವರಿಗೆ ಒಟ್ಟಿಗೇ ತಲೆ ತಿರುಗಿ ವಾಂತಿ ಬಂದಂತಾದರೆ ಪತ್ರಕ್ಕೆ ಉತ್ತರ ಕಾಯುವಂತಿಲ್ಲ. ಎಲ್ಲರೂ ಹೊರಗೆ ಬರಬೇಕು, ಜನರೇಟರ್ ನಿಲ್ಲಿಸಬೇಕು, ಆಸ್ಪತ್ರೆಗೆ ಹೋಗಿ ಹೊಗೆಯ ವಿಷಯ ಡಾಕ್ಟರಿಗೆ ಹೇಳಬೇಕು.